ವಾಲ್ಟಿನ ಬೀಗ ಕಾಯುವುದೇನು?

ಮಳೆಗಾಲದ ತೇವಕ್ಕಂಜಿ ಪಡಿತರ ಚೀಟಿ, ಜನನಪತ್ರಗಳನ್ನು ತಗಡಿನ ಟ್ರಂಕಿನಲ್ಲಿಡುವ ವಾಡಿಕೆ ಕೋಪರಿಯ ಮನೆಗಳಲ್ಲಿ ಇನ್ನೂ ಅಳಿದಿಲ್ಲ. ಈಗ ಅವುಗಳ ಪ್ರತಿಗಳು ಕ್ಲೌಡ್ ಡ್ರೈವನ್ನೂ ಸೇರುತ್ತಿವೆ. ಅಲ್ಲಿ ವಾಲ್ಟ್ ಒಂದನ್ನು ಮಾಡಿ ಪಾಸ್‌ವರ್ಡ್ ಹಾಕಿದೊಡನೆ ಎಲ್ಲವೂ ಸುರಕ್ಷಿತವೆಂದು ನಂಬುವುದು ಆತುರದ ತೀರ್ಮಾನವೆಂದೇ ನನ್ನ ಅಭಿಪ್ರಾಯ.

ಕ್ರಿಪ್ಟೊಮೇಟರ್ ಎಂಬ ತಂತ್ರಾಂಶವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದು ಕಡತವನ್ನು ನಮ್ಮ ಕಂಪ್ಯೂಟರಿನಲ್ಲಿಯೇ ಗೂಢಲಿಪಿಗೆ ತಿರುಗಿಸಿ, ಬಳಿಕ ಡ್ರೈವಿಗೆ ಕಳುಹಿಸುತ್ತದೆ. ಆದುದರಿಂದ ಡ್ರೈವಿನ ಒಡೆಯರಿಗಾಗಲಿ, ನಮ್ಮ ಖಾತೆಯನ್ನು ಕದ್ದವನಿಗಾಗಲಿ ಕಡತದ ಒಳಗಿನ ಬರಹವೂ ಅದರ ಹೆಸರೂ ತಿಳಿಯವು. ಕಾಣುವುದು `.c9r` ಎಂದು ಕೊನೆಗೊಳ್ಳುವ ಅರ್ಥವಿಲ್ಲದ ಅಕ್ಷರಗಳ ಸಾಲು ಮಾತ್ರ. ಆದರೆ ಕಡತಗಳೆಷ್ಟು, ಒಂದೊಂದರ ಗಾತ್ರವೆಷ್ಟು, ಯಾವಾಗ ಬದಲಾದವು ಎಂಬುದು ಮರೆಯಾಗುವುದಿಲ್ಲ. ಖಾತೆಯೊಳಗೆ ನುಗ್ಗಿದವನು ಓದಲಾರದಿದ್ದರೂ ಅಳಿಸಬಲ್ಲನು.

ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿಯದು. ಕಡತಗಳಿಗೆ ಬೀಗ ಹಾಕುವುದು ನಮ್ಮ ಪಾಸ್‌ವರ್ಡ್ ಅಲ್ಲ. ತಂತ್ರಾಂಶವು ತಾನೇ ಒಂದು ಮೂಲ ಕೀಲಿಯನ್ನು ಸೃಷ್ಟಿಸಿ ಅದರಿಂದ ಬೀಗ ಹಾಕುತ್ತದೆ; ಆ ಕೀಲಿಯನ್ನು `masterkey.cryptomator` ಎಂಬ ಪುಟ್ಟ ಡಬ್ಬಿಯಲ್ಲಿಡುತ್ತದೆ. ಪಾಸ್‌ವರ್ಡ್ ಆ ಡಬ್ಬಿಯ ಮುಚ್ಚಳಕ್ಕೆ ಮಾತ್ರ.

ಒಬ್ಬ ವಿದ್ಯಾರ್ಥಿಯು ಹನ್ನೊಂದನೆಯ ತರಗತಿಯ ಪ್ರವೇಶದ ಗಡಿಬಿಡಿಯಲ್ಲಿ ತನ್ನ ವಾಲ್ಟಿನ ಪಾಸ್‌ವರ್ಡನ್ನು ಗೆಳೆಯನಿಗೆ ಹೇಳಿದನೆನ್ನೋಣ. ಆ ಗೆಳೆಯನು ವಾಲ್ಟನ್ನು ತನ್ನ ಕಂಪ್ಯೂಟರಿಗೆ ನಕಲು ಮಾಡಿಕೊಂಡನು. ವಾರದ ಮೇಲೆ ನಮ್ಮವನು ಎಚ್ಚೆತ್ತು ಪಾಸ್‌ವರ್ಡ್ ಬದಲಿಸಿದನು. ಬದಲಾದುದು ಮುಚ್ಚಳವಷ್ಟೆ! ಒಳಗಿನ ಕೀಲಿ ಅದೇ, ಕಡತಗಳ ಬೀಗವೂ ಅದೇ. ಗೆಳೆಯನ ಬಳಿಯಿರುವ ಹಳೆಯ ಡಬ್ಬಿ ಹಳೆಯ ಪಾಸ್‌ವರ್ಡಿಗೆ ಇಂದಿಗೂ ತೆರೆಯುವುದು. ಆ ಕೀಲಿಯಿಂದ ನಾಳೆ ಸೇರಿಸುವ ಅಂಕಪಟ್ಟಿಯನ್ನೂ, ಅದು ಅವನ ಕೈಗೆ ಸಿಕ್ಕಿದರೆ, ಓದಬಹುದು. ಬೀಗ ಬದಲಾಗಬೇಕಾದರೆ ಹೊಸ ವಾಲ್ಟನ್ನೇ ಮಾಡಿ, ಕಡತಗಳನ್ನು ಅದಕ್ಕೆ ಸಾಗಿಸಿ, ಹಳೆಯದನ್ನು ಅಳಿಸಬೇಕು. ಗೆಳೆಯನಲ್ಲಿ ಉಳಿದ ಹಳೆಯ ಪ್ರತಿಗಳಿಗೆ ಮಾತ್ರ ಮದ್ದಿಲ್ಲ.

ಝೆರಾಕ್ಸ್ ಅಂಗಡಿಯ ಕಥೆ ಇನ್ನೂ ಸರಳ. ಮುದ್ರಣಕ್ಕೆಂದು ವಾಲ್ಟಿನಿಂದ ತೆಗೆದು ಅಂಗಡಿಗೆ ವಾಟ್ಸಾಪಿನಲ್ಲಿ ಕಳುಹಿಸಿದ ಆಧಾರ್ ಪ್ರತಿ ಬಯಲಿನ ಕಡತವೇ ಸರಿ. ಅಲ್ಲಿನ ಕಂಪ್ಯೂಟರಿನ `Downloads` ಎಂಬಲ್ಲಿ ಅದು ಬಿದ್ದಿರುತ್ತದೆ. ನನಗೊಮ್ಮೆ ಅಂಥ ಅಂಗಡಿಯಲ್ಲಿ ಅಪರಿಚಿತರ ಎಷ್ಟೋ ಪತ್ರಗಳು ಪರದೆಯ ಮೇಲೆ ಕಂಡವು. ಹಣ ಕೊಡುವ ಮೊದಲು, ನಮ್ಮ ಕಡತವನ್ನು ಅಲ್ಲಿಂದಲೂ `Recycle Bin`ನಿಂದಲೂ ಅಳಿಸಿರೆಂದು ಕೇಳಿ, ನಿಂತು ನೋಡುವುದಕ್ಕೆ ಸಂಕೋಚವೇಕೆ?