ಎರಡು ಕೆಲಸ, ಒಂದು ಪಟ್ಟಿ

ಮೊನ್ನೆ ಭಾನುವಾರ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಸೇಲಂನಲ್ಲಿ ಎಲೆಕ್ಟ್ರಿಕಲ್ ಬಿ.ಇ. ಮುಗಿಸಿದ್ದಾನೆ. ಊರು ತೊಪ್ಪೂರು ಘಾಟಿಯ ಹತ್ತಿರ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ತಂದೆ ಇಲ್ಲ, ತಾಯಿಯೊಬ್ಬರೇ. ಕೈಯಲ್ಲಿ ಎರಡು ಕೆಲಸದ ಪತ್ರ ಹಿಡಿದುಕೊಂಡಿದ್ದ. ಒಂದು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಕಂಪನಿಯದು. ಇನ್ನೊಂದು ಸೇಲಂನ ಸಣ್ಣ ಸಂಸ್ಥೆಯದು. ನೂಲಿನ ಗಿರಣಿಗಳಿಗೆ, ಸಬ್ಬಕ್ಕಿ ಕಾರ್ಖಾನೆಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡಿಕೊಡುವವರು.

"ಸಾರ್, ಪಟ್ಟಿ ಹಾಕಿ ನೋಡಿದೆ, ಬೆಂಗಳೂರೇ ಗೆದ್ದಿತು. ಆದರೂ ಮನಸ್ಸು ಒಪ್ಪುತ್ತಿಲ್ಲ" ಅಂದ.

ಪಟ್ಟಿ ಚೆನ್ನಾಗಿಯೇ ಇತ್ತು. ನಾಲ್ಕು ಸಾಲು: ಸಂಬಳ, ಬೆಳವಣಿಗೆ, ಕಲಿಕೆ, ಬದುಕಿಗೆ ಹೊಂದಿಕೆ. ನಾಲ್ಕಕ್ಕೂ ಸೇರಿ ನೂರು ತೂಕ: ಸಂಬಳಕ್ಕೆ 40, ಬೆಳವಣಿಗೆಗೆ 30, ಕಲಿಕೆಗೆ 20, ಬದುಕಿಗೆ 10. ಪ್ರತಿ ಸಾಲಿನಲ್ಲೂ ಎರಡೂ ಕೆಲಸಕ್ಕೆ ಹತ್ತಕ್ಕೆ ಇಷ್ಟು ಅಂತ ಅಂಕ. ಅಂಕವನ್ನು ತೂಕದಿಂದ ಗುಣಿಸಿ ಕೂಡಿದರೆ ಬೆಂಗಳೂರಿಗೆ 760, ಸೇಲಂಗೆ 600. ನಾವು ಮೇಷ್ಟ್ರುಗಳಿಗೆ ಕೂಡಿಸುವುದು ಕಂಡರೆ ತಪ್ಪು ಹುಡುಕುವ ಚಟ. ಕೂಡಿಸಿದ್ದು ಸರಿಯಾಗಿತ್ತು. ತಪ್ಪಿದ್ದದ್ದು ಕೂಡಿಸುವುದಕ್ಕೆ ಮುಂಚೆ.

ಮೊದಲು ಸಂಬಳದ ಸಾಲು ನೋಡಿದೆವು. ಬೆಂಗಳೂರಿನದು ವರ್ಷಕ್ಕೆ 5,04,000, ಅಂದರೆ ತಿಂಗಳಿಗೆ 42,000. ಸೇಲಂನದು 3,36,000, ತಿಂಗಳಿಗೆ 28,000. ಹದಿನಾಲ್ಕು ಸಾವಿರದ ಅಂತರ ಕಂಡು ಹುಡುಗ ಒಂದಕ್ಕೆ 9, ಇನ್ನೊಂದಕ್ಕೆ 5 ಹಾಕಿದ್ದ. "ಇದು ಕಂಪನಿ ನಿನ್ನ ಮೇಲೆ ಮಾಡುವ ಖರ್ಚಪ್ಪಾ, ನಿನ್ನ ಕೈಗೆ ಬರುವ ದುಡ್ಡಲ್ಲ" ಅಂದು ಪತ್ರದ ಎರಡನೇ ಹಾಳೆ ತೆಗೆಸಿದೆವು. ಬೆಂಗಳೂರಿನ 42,000ದಲ್ಲಿ ಕಂಪನಿ ಕಟ್ಟುವ ಪಿ.ಎಫ್. 1,800, ಇವನ ಪಾಲಿನ ಪಿ.ಎಫ್. 1,800, ಗ್ರಾಚ್ಯುಟಿ ಲೆಕ್ಕಕ್ಕೆ ಸುಮಾರು 800, ವೃತ್ತಿ ತೆರಿಗೆ 200. ಇದಲ್ಲದೆ ಕೆಲಸ ಚೆನ್ನಾಗಿದ್ದರೆ ಮಾತ್ರ ವರ್ಷದ ಕೊನೆಗೆ ಕೊಡುವ ಭಾಗ ತಿಂಗಳಿಗೆ 4,200. ಇವೆಲ್ಲ ಕಳೆದರೆ ಕೈಗೆ 33,200. ಪಿ.ಜಿ.ಯಲ್ಲಿ ಇರುವುದಕ್ಕೂ ಊಟಕ್ಕೂ 11,000, ತಿಂಗಳಿಗೆರಡು ಸಲ ಊರಿಗೆ ಬಂದುಹೋಗಲು 1,200. ಉಳಿಯುವುದು 21,000.

ಸೇಲಂನ 28,000ದಲ್ಲಿ ಅದೇ ಬಾಬತ್ತುಗಳು ಕಳೆದು ಕೈಗೆ 23,500. ಮನೆಯಿಂದಲೇ ಬಸ್ಸಿನಲ್ಲಿ ಓಡಾಟ. ಬಸ್ಸಿಗೆ 1,800, ಮಧ್ಯಾಹ್ನದ ಊಟ, ಟೀಗೆ 2,200. ಉಳಿಯುವುದು 19,500. ಕಾಗದದ ಮೇಲಿನ ಹದಿನಾಲ್ಕು ಸಾವಿರ, ಜೇಬಿಗೆ ಬರುವಾಗ ಒಂದೂವರೆ ಸಾವಿರವಾಯಿತು! ಪಿ.ಎಫ್. ಎಲ್ಲೂ ಹೋಗುವುದಿಲ್ಲ, ನಿಜ. ಆದರೆ ಅದು ಎರಡು ಕಡೆಯೂ ಒಂದೇ, ಆದ್ದರಿಂದ ಹೋಲಿಕೆಯಲ್ಲಿ ವ್ಯತ್ಯಾಸ ತರುವುದಿಲ್ಲ.

ಎರಡನೆಯದು ಅಂಕ. 'ಹತ್ತಕ್ಕೆ ಒಂಬತ್ತು' ಅಂದರೆ ಏನು? ಸೊನ್ನೆ ಯಾವುದು, ಹತ್ತು ಯಾವುದು ಅಂತ ಮೊದಲೇ ಹೇಳದಿದ್ದರೆ ಆ ಒಂಬತ್ತಕ್ಕೆ ಅರ್ಥವಿಲ್ಲ. ತಿಂಗಳಿಗೆ ಎಷ್ಟು ಉಳಿಯದಿದ್ದರೆ ಮನೆ ನಡೆಯುವುದಿಲ್ಲ ಅಂತ ಕೇಳಿದೆವು. ಓದಿನ ಸಾಲ, ತಾಯಿಯ ಖರ್ಚು ಸೇರಿ 12,000 ಅಂದ. ಎಷ್ಟಾದರೆ ನಿಶ್ಚಿಂತೆ? 27,000. ಸರಿ, 12,000ಕ್ಕೆ ಸೊನ್ನೆ, 27,000ಕ್ಕೆ ಹತ್ತು, ನಡುವೆ ಪ್ರತಿ 1,500 ರೂಪಾಯಿಗೆ ಒಂದು ಅಂಕ. ಈಗ ಬೆಂಗಳೂರಿಗೆ 6, ಸೇಲಂಗೆ 5. ಎರಡೂ ಕೆಲಸ ಸೊನ್ನೆಗಿಂತ ಮೇಲಿವೆ. ಯಾವುದಾದರೂ ಅದಕ್ಕಿಂತ ಕೆಳಗಿದ್ದರೆ ಪಟ್ಟಿಗೆ ಸೇರಿಸುವ ಹಾಗೇ ಇರಲಿಲ್ಲ. ಸಾಲದ ಕಂತು ಕಟ್ಟಲಾಗದ ಕೆಲಸವನ್ನು ಒಳ್ಳೆಯ ಕಲಿಕೆಯ ಅಂಕದಿಂದ ಸರಿತೂಗಿಸಲು ಬರುವುದಿಲ್ಲ.

ತೂಕದ ವಿಷಯವೂ ಹೀಗೆಯೇ. 'ಸಂಬಳ ಮುಖ್ಯ, ಅದಕ್ಕೆ 40' ಅನ್ನುವುದು ಸುಲಭ. ಆದರೆ ತೂಕ ಅಂದರೆ ಆ ಸಾಲಿನಲ್ಲಿ ಸೊನ್ನೆಯಿಂದ ಹತ್ತಕ್ಕೆ ಏರುವುದಕ್ಕೆ ನೀನು ಕೊಡುವ ಬೆಲೆ. ಹಾಗಾಗಿ ಕೇಳಬೇಕಾದ ಪ್ರಶ್ನೆಯೇ ಬೇರೆ: ನಾಲ್ಕೂ ಸಾಲು ಸೊನ್ನೆಯಲ್ಲಿದ್ದಾಗ ಒಂದನ್ನು ಮಾತ್ರ ಹತ್ತಕ್ಕೆ ಏರಿಸಬಹುದಾದರೆ ಯಾವುದನ್ನು ಏರಿಸುತ್ತೀಯ? ಹುಡುಗ ಸಂಬಳವನ್ನೇ ಮೊದಲು ಹೇಳಿದ, ಆದರೆ ಉಳಿದವು ತೀರ ಹಿಂದೆ ಉಳಿಯಲಿಲ್ಲ. ಸಂಬಳ 30, ಬೆಳವಣಿಗೆ 25, ಕಲಿಕೆ 25, ಬದುಕು 20 ಅಂತ ಬರೆದ. ಮುಂಚಿನ 40 ಆ ಹದಿನಾಲ್ಕು ಸಾವಿರವನ್ನು ಕಣ್ಣಮುಂದಿಟ್ಟುಕೊಂಡು ಹಾಕಿದ್ದು ಅಂತ ಅವನೇ ಒಪ್ಪಿಕೊಂಡ.

ಮೂರನೆಯದು, ಬೆಳವಣಿಗೆ ಮತ್ತು ಕಲಿಕೆ. ಇವೆರಡನ್ನೂ ನಮ್ಮ ಹುಡುಗರು ಒಂದೇ ಅಂದುಕೊಂಡು ಎರಡು ಸಲ ಎಣಿಸುತ್ತಾರೆ. ದೊಡ್ಡ ಕಂಪನಿ ಅಂದರೆ ಎರಡರಲ್ಲೂ ಹೆಚ್ಚು ಅಂಕ. ನಾವು ಹೀಗೆ ಬೇರ್ಪಡಿಸಿದೆವು: ಮೂರು ವರ್ಷದಲ್ಲಿ ಆ ಸಂಸ್ಥೆಯೊಳಗೆ ನಿನ್ನ ಹುದ್ದೆ, ಸಂಬಳ ಎಲ್ಲಿಗೆ ಹೋಗಬಹುದು ಅನ್ನುವುದು ಬೆಳವಣಿಗೆ. ನಾಳೆ ಆ ಸಂಸ್ಥೆ ಮುಚ್ಚಿದರೂ ನಿನ್ನ ಜೊತೆಗೆ ಬರುವುದು ಕಲಿಕೆ. ಆಗ ಬೆಂಗಳೂರಿಗೆ ಬೆಳವಣಿಗೆಯಲ್ಲಿ 8, ಕಲಿಕೆಯಲ್ಲಿ 5. ಸೇಲಂಗೆ ಬೆಳವಣಿಗೆಯಲ್ಲಿ 4, ಕಲಿಕೆಯಲ್ಲಿ 8. ಪಿ.ಎಲ್.ಸಿ. ಪ್ರೋಗ್ರಾಂ ಬರೆದು, ಪ್ಯಾನೆಲ್ ಜೋಡಿಸಿ, ಗಿರಣಿಗೆ ಹೋಗಿ ಓಡಿಸಿ ತೋರಿಸುವವನಿಗೆ ಕೊಯಮತ್ತೂರಿನಲ್ಲೂ ಕೆಲಸ ಸಿಗುತ್ತದೆ, ಹೊಸೂರಿನಲ್ಲೂ ಸಿಗುತ್ತದೆ.

ಇನ್ನು ಬದುಕಿಗೆ ಹೊಂದಿಕೆ. ಬೆಂಗಳೂರಿನದು ರಾತ್ರಿ ಪಾಳಿ, ತಾಯಿ ಒಂಟಿ: 4. ಸೇಲಂಗೆ 8. ಇಲ್ಲಿ ನಮ್ಮ ಮೇಲೆಯೇ ನಮಗೆ ಅನುಮಾನ ಬಂತು. ಹುಡುಗ ಹತ್ತಿರದಲ್ಲೇ ಇರಲಿ ಎಂಬ ಆಸೆ ನಮಗೂ ಉಂಟು. ತಾಯಿಯನ್ನು ಕೇಳಿದೆಯಾ ಅಂದೆವು. ಕೇಳಿದ್ದನಂತೆ. "ನನ್ನ ನೆಪ ಹೇಳಿ ಇಲ್ಲಿ ಉಳಿಯಬೇಡ" ಅಂದರಂತೆ. ಅಮ್ಮ ಹಾಗೆ ಅಂದರೂ ತಾನು ನೆಮ್ಮದಿಯಾಗಿರಲಾರೆ ಅಂದ ಮೇಲೆ 4 ಹಾಗೇ ಉಳಿಯಿತು. ಇನ್ನೊಂದು ಮಾತನ್ನೂ ಹೊರಗೆ ತೆಗೆದೆವು. ಕನ್ನಡದ ಬೋರ್ಡು, ಕನ್ನಡದ ಮಾತು ಇರುವ ಊರಲ್ಲಿ ಇರಬೇಕೆಂಬುದು ಗಡಿಯಾಚೆಯ ನಮ್ಮ ಮಕ್ಕಳ ಬಹಳ ದಿನದ ಆಸೆ. ಅದು ತಪ್ಪಲ್ಲ. ಆದರೆ ಅದು ಗೊತ್ತಿಲ್ಲದೆ ಬೆಳವಣಿಗೆಯ ಸಾಲಿಗೋ ಸಂಬಳದ ಸಾಲಿಗೋ ನುಸುಳಬಾರದು. ಅದಕ್ಕೆ ಬೆಲೆಯಿದ್ದರೆ ಬದುಕಿನ ಸಾಲಿನಲ್ಲಿ ಕಾಣುವ ಹಾಗೆ ಬರೆಯಬೇಕು. ಆ 4ರಲ್ಲಿ ಅದೂ ಸೇರಿದೆ ಅಂದ. ಇಲ್ಲದಿದ್ದರೆ 3 ಅಂತೆ.

ಹೊಸ ಪಟ್ಟಿ ಹೀಗಾಯಿತು:

ಸಂಬಳ (ತೂಕ 30): ಬೆಂಗಳೂರು 6, ಸೇಲಂ 5
ಬೆಳವಣಿಗೆ (ತೂಕ 25): ಬೆಂಗಳೂರು 8, ಸೇಲಂ 4
ಕಲಿಕೆ (ತೂಕ 25): ಬೆಂಗಳೂರು 5, ಸೇಲಂ 8
ಬದುಕು (ತೂಕ 20): ಬೆಂಗಳೂರು 4, ಸೇಲಂ 8

ಬೆಂಗಳೂರಿಗೆ 585, ಸೇಲಂಗೆ 610.

"ಹಾಗಾದರೆ ಸೇಲಂ ಗೆದ್ದಿತಾ ಸಾರ್?" ಅಂದ. ಇಲ್ಲ. ಸಾವಿರಕ್ಕೆ 25ರ ಅಂತರ ಗೆಲುವಲ್ಲ. ಬದುಕಿನ ಸಾಲಿನಿಂದ ಐದು ತೂಕ ತೆಗೆದು ಸಂಬಳಕ್ಕೆ ಹಾಕಿ ನೋಡು ಅಂದೆವು. ಎರಡೂ 595! ಬೆಂಗಳೂರಿನ ಕಲಿಕೆಗೆ 5ರ ಬದಲು 6 ಹಾಕಿದರೂ ಎರಡೂ 610. ಅಂದರೆ ನಿರ್ಣಯವೆಲ್ಲ ಒಂದು ಅಂಕದ ಮೇಲೆ ನಿಂತಿದೆ. ಆ ಅಂಕವೋ, ಹುಡುಗ ಕುಳಿತಲ್ಲೇ ಊಹಿಸಿ ಹಾಕಿದ್ದು.

ನಮ್ಮ ಅಭಿಪ್ರಾಯ ಇಷ್ಟೇ: ಪಟ್ಟಿ ಉತ್ತರ ಹೇಳುವುದಕ್ಕಲ್ಲ, ಯಾವ ಪ್ರಶ್ನೆಯನ್ನು ಯಾರನ್ನು ಕೇಳಬೇಕು ಅಂತ ತೋರಿಸುವುದಕ್ಕೆ. ಆ ಬೆಂಗಳೂರಿನ ಕಂಪನಿಯಲ್ಲಿ ಎರಡು ವರ್ಷದಿಂದ ಇರುವ ಸೀನಿಯರ್ ಒಬ್ಬ ಅವನ ಕಾಲೇಜಿನವನೇ ಇದ್ದ. 'ಕೆಲಸ ಹೇಗಿದೆ' ಅಂತ ಕೇಳಬೇಡ, 'ನಿನ್ನೆ ಬೆಳಗ್ಗೆಯಿಂದ ಸಂಜೆವರೆಗೆ ಏನು ಮಾಡಿದೆ' ಅಂತ ಕೇಳು ಅಂದೆವು. ಬಂದ ದೂರುಗಳನ್ನು ಓದಿ, ಸಂಬಂಧಪಟ್ಟವರಿಗೆ ಕಳಿಸುವುದೇ ಒಂದೂವರೆ ವರ್ಷ ಮಾಡಿದ್ದು ಅಂದನಂತೆ. ಕಲಿಕೆ 5 ಇದ್ದದ್ದು 4 ಆಯಿತು, ಮೊತ್ತ 560. ಸೇಲಂನವರನ್ನೂ ಕೇಳಿದ: ಐದು ವರ್ಷದ ಹಿಂದೆ ಸೇರಿದವರು ಈಗ ಎಲ್ಲಿದ್ದಾರೆ? ನಾಲ್ವರಲ್ಲಿ ಇಬ್ಬರು ಬಿಟ್ಟು ಸ್ವಂತ ಪ್ಯಾನೆಲ್ ಅಂಗಡಿ ಇಟ್ಟಿದ್ದಾರಂತೆ. ಒಳಗೆ ಬೆಳೆಯಲು ಜಾಗವಿಲ್ಲ, ಕಲಿತದ್ದು ಹೊರಗೆ ಅನ್ನ ಕೊಡುತ್ತದೆ. ಅಲ್ಲಿಗೆ 4ಕ್ಕೂ 8ಕ್ಕೂ ಸಾಕ್ಷಿ ಸಿಕ್ಕಿತು.

ಈಗ ಅಂತರ 50. ಆದರೂ ಒಂದು ಮಾತು ಮುಚ್ಚಿಡಬಾರದು. ಈ ಹೊಸ ಅಂಕಗಳಿಗೆ ಅವನ ಹಳೆಯ ತೂಕಗಳನ್ನೇ ಹಾಕಿದರೆ ಬೆಂಗಳೂರು 600, ಸೇಲಂ 560. ಅಂದರೆ ಉಳಿದ ಜಗಳ ಅಂಕದ್ದಲ್ಲ, ತೂಕದ್ದು. ತೂಕವನ್ನು ನಾವಾಗಲಿ ಪಟ್ಟಿಯಾಗಲಿ ಹೇಳಲಾರೆವು. ಇಷ್ಟೇ ಎಚ್ಚರ ಬೇಕು: ಮೊತ್ತ ನೋಡಿ ತೂಕ ತಿದ್ದಬಾರದು. ತೂಕ ಬರೆದು, ಒಂದು ರಾತ್ರಿ ಕಳೆದು, ಆಮೇಲೆ ಅಂಕ ಹಾಕಬೇಕು.

ಈ ಪದ್ಧತಿ ಹೊಸದೇನಲ್ಲ. 1772ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಪಾದ್ರಿಯಾಗಿದ್ದ ಜೋಸೆಫ್ ಪ್ರೀಸ್ಟ್ಲಿಗೆ ಲಾರ್ಡ್ ಶೆಲ್ಬರ್ನ್ ಅವರಿಂದ ಕೆಲಸದ ಕರೆ ಬಂತು. ಸಲಹೆ ಕೇಳಿ ಬೆಂಜಮಿನ್ ಫ್ರಾಂಕ್ಲಿನ್ನನಿಗೆ ಬರೆದ. ಏನು ಮಾಡಬೇಕು ಅಂತ ಹೇಳಲಾರೆ, ಹೇಗೆ ತೀರ್ಮಾನಿಸಬೇಕು ಅಂತ ಹೇಳುತ್ತೇನೆ ಎಂಬಂತೆ ಫ್ರಾಂಕ್ಲಿನ್ ಉತ್ತರಿಸಿದ. ಹಾಳೆಯನ್ನು ಎರಡು ಭಾಗ ಮಾಡಿ ಮೂರು ನಾಲ್ಕು ದಿನ ಪರ, ವಿರೋಧ ಬರೆಯುತ್ತಾ ಹೋಗುವುದು, ಆಮೇಲೆ ಸಮತೂಕದವನ್ನು ಎರಡೂ ಕಡೆ ಹೊಡೆದುಹಾಕುವುದು. ಪ್ರೀಸ್ಟ್ಲಿ ಆ ಕೆಲಸ ಒಪ್ಪಿ 1773ರಲ್ಲಿ ಹೊರಟ. ನಾವು ಪಾಠದಲ್ಲಿ ಹೇಳುವ ಆಮ್ಲಜನಕದ ಪ್ರಯೋಗ 1774ರಲ್ಲಿ ಅಲ್ಲಿಯೇ ಆದದ್ದು. ಅದನ್ನು ಯಾವ ಹಾಳೆಯೂ ಮುಂಚೆ ಹೇಳಿರಲಿಲ್ಲ.

ನಮ್ಮ ಹುಡುಗ ಎರಡು ರಾತ್ರಿ ಬಿಟ್ಟು ಫೋನ್ ಮಾಡಿದ. ತೂಕಗಳನ್ನು ಹಳೆಯದು ನೋಡದೆ ಮತ್ತೆ ಬರೆದನಂತೆ. ಸಂಬಳ 30, ಬದುಕು 20 ಹಾಗೇ ಬಂತಂತೆ. ಮುಂದಿನ ಸೋಮವಾರ ಸೇಲಂ ಬಸ್ಸು ಹತ್ತುತ್ತಾನೆ. ಪಟ್ಟಿಯ ಹಾಳೆಯನ್ನು ಬಿಸಾಡಬೇಡ, ಒಂದು ವರ್ಷದ ಮೇಲೆ ತೆಗೆದು ಯಾವ ಅಂಕ ತಪ್ಪಿತ್ತು ನೋಡು ಅಂದಿದ್ದೇವೆ. ನಿಮ್ಮ ಮನೆಯ ಮಕ್ಕಳು ಇಂಥ ಪಟ್ಟಿ ಹಾಕಿದ್ದರೆ ಯಾವ ಸಾಲು ಕೈಕೊಟ್ಟಿತು, ಬರೆದು ತಿಳಿಸಿ.