ಬ್ಯಾಟರಿಯ ಅಳತೆಗೆ ಒಂದೇ ಅಂಕಿ ಸಾಲದು

ವಿದ್ಯುತ್ ವಾಹನಗಳ ಕುರಿತ ನಮ್ಮ ಚರ್ಚೆಗಳಲ್ಲಿ ಎರಡು ಪದಗಳು ಪದೇ ಪದೇ ಕಲಸಿಹೋಗುತ್ತವೆ. ಬ್ಯಾಟರಿಯಲ್ಲಿ ಒಟ್ಟು ಎಷ್ಟು ಸಂಗ್ರಹವಿದೆ ಎಂಬುದು ಶಕ್ತಿ. ಅದನ್ನು ಎಷ್ಟು ವೇಗವಾಗಿ ಹೊರಗೆ ಕೊಡಬಲ್ಲದು ಎಂಬುದು ಸಾಮರ್ಥ್ಯ. ಮೊದಲನೆಯದರ ಅಳತೆ ವ್ಯಾಟ್-ಅವರ್, ಎರಡನೆಯದರದು ವ್ಯಾಟ್. ಇವೆರಡೂ ಒಂದಕ್ಕೊಂದು ಹೊಂದಿ ನಡೆಯುವುದಿಲ್ಲ ಎಂಬುದೇ ಬ್ಯಾಟರಿಯ ಮೂಲ ಸಮಸ್ಯೆ.

ಮನೆಯ ಇನ್ವರ್ಟರ್‌ಗೆ ಜೋಡಿಸಿದ 12 ವೋಲ್ಟ್, 150 ಆಂಪಿಯರ್-ಅವರ್‌ನ ಲೆಡ್-ಆಸಿಡ್ ಬ್ಯಾಟರಿಯನ್ನೇ ನೋಡಿ. ಗುಣಿಸಿದರೆ 1,800 ವ್ಯಾಟ್-ಅವರ್. ಆದರೆ ಆ 150 ಎಂಬ ಅಂಕಿ ಸಾಮಾನ್ಯವಾಗಿ 20 ಗಂಟೆಗಳ ನಿಧಾನ ಬಳಕೆಗೆ ಸಂಬಂಧಿಸಿದ್ದು, ಅಂದರೆ ಸುಮಾರು 90 ವ್ಯಾಟ್ ಹೊರೆಗೆ. ಹೊರೆಯನ್ನು 900 ವ್ಯಾಟ್‌ಗೆ ಏರಿಸಿದರೆ ಲೆಕ್ಕದ ಪ್ರಕಾರ ಎರಡು ಗಂಟೆ ಬರಬೇಕು. ವಾಸ್ತವದಲ್ಲಿ ಒಂದೂಕಾಲು ಗಂಟೆ ಬಂದರೆ ಹೆಚ್ಚು. ಉಳಿದದ್ದರಲ್ಲಿ ಒಂದು ಪಾಲು ಒಳರೋಧದಿಂದ ಶಾಖವಾಗಿ ಹೋಗುತ್ತದೆ. ಇನ್ನೊಂದು ಪಾಲು ಒಳಗೇ ಸಿಕ್ಕಿಕೊಂಡಿರುತ್ತದೆ: ಫಲಕಗಳ ಸೂಕ್ಷ್ಮ ರಂಧ್ರಗಳಲ್ಲಿನ ಆಮ್ಲ ಖರ್ಚಾಗುವಷ್ಟು ವೇಗವಾಗಿ ಹೊಸ ಆಮ್ಲ ಅಲ್ಲಿಗೆ ಇಳಿಯುವುದಿಲ್ಲ. ಕೆಲಕಾಲ ಬಿಟ್ಟು ನೋಡಿದರೆ 'ಮುಗಿದ' ಬ್ಯಾಟರಿ ಮತ್ತೆ ದೀಪ ಬೆಳಗಿಸುವುದು ಇದೇ ಕಾರಣಕ್ಕೆ.

ಈ ಕೊಡುಕೊಳ್ಳುವಿಕೆಯನ್ನು ಒಂದೇ ನಕ್ಷೆಯಲ್ಲಿ ತೋರಿಸುವ ಕ್ರಮಕ್ಕೆ ಅಮೆರಿಕದ ಲೋಹವಿಜ್ಞಾನಿ ಡೇವಿಡ್ ರಗೋನಿ ಅವರ ಹೆಸರಿದೆ. ವಿದ್ಯುತ್ ವಾಹನಗಳಿಗೆ ಯೋಗ್ಯವಾದ ಬ್ಯಾಟರಿಗಳನ್ನು ಅವರು 1968ರಲ್ಲಿ ಹೀಗೆ ಹೋಲಿಸಿದರು. ಒಂದು ಅಕ್ಷದಲ್ಲಿ ಕಿಲೋಗೆ ಎಷ್ಟು ಶಕ್ತಿ, ಇನ್ನೊಂದರಲ್ಲಿ ಕಿಲೋಗೆ ಎಷ್ಟು ಸಾಮರ್ಥ್ಯ. ಓರೆಗೆರೆಗಳು ಕಾಲವನ್ನು ಸೂಚಿಸುತ್ತವೆ: ಕಿಲೋಗೆ 100 ವ್ಯಾಟ್-ಅವರ್ ಇದ್ದು 100 ವ್ಯಾಟ್ ಎಳೆದರೆ ಒಂದು ಗಂಟೆ. ಇಲ್ಲಿ ಪ್ರತಿ ಬ್ಯಾಟರಿಯೂ ಒಂದು ಚುಕ್ಕಿಯಲ್ಲ, ಸಾಮರ್ಥ್ಯ ಹೆಚ್ಚಿದಂತೆ ಶಕ್ತಿ ಕುಸಿಯುವ ಒಂದು ಗೆರೆ.

ನಿಧಾನ ಬಳಕೆಯಲ್ಲಿ ಲೆಡ್-ಆಸಿಡ್ ಕಿಲೋಗೆ 30-40 ವ್ಯಾಟ್-ಅವರ್ ಕೊಟ್ಟರೆ, ನಿಕ್ಕಲ್ ಆಧಾರಿತ ಲಿಥಿಯಂ-ಅಯಾನ್ ಕೋಶ 200ನ್ನು ಮೀರುತ್ತದೆ. ಸೂಪರ್ ಕೆಪಾಸಿಟರ್‌ನಲ್ಲಿ ಸುಮಾರು 5 ಮಾತ್ರ. ಆದರೆ ಅದನ್ನು ಕೆಲವೇ ಸೆಕೆಂಡುಗಳಲ್ಲಿ ಸುರಿಯಬಲ್ಲದು. ಲಿಥಿಯಂ ಟೈಟನೇಟ್ ಇವೆರಡರ ನಡುವೆ ನಿಲ್ಲುತ್ತದೆ. ರಸಾಯನ ಒಂದೇ ಆದರೂ ಗೆರೆ ಬದಲಾಗಬಹುದು. ವಿದ್ಯುದಗ್ರದ ಲೇಪವನ್ನು ದಪ್ಪವಾಗಿಸಿದರೆ ಸಂಗ್ರಹ ಹೆಚ್ಚು. ತೆಳುವಾಗಿಸಿದರೆ ಅಯಾನುಗಳ ದಾರಿ ಹತ್ತಿರವಾಗಿ ಸಾಮರ್ಥ್ಯ ಹೆಚ್ಚುತ್ತದೆ, ಆದರೆ ತಾಮ್ರ ಮತ್ತು ಅಲ್ಯುಮಿನಿಯಂ ಹಾಳೆಗಳ ತೂಕವೂ ಏರುತ್ತದೆ.

ಬೆಲೆ, ಬಾಳಿಕೆ, ಸುರಕ್ಷತೆಗಳನ್ನು ಈ ನಕ್ಷೆ ಹೇಳುವುದಿಲ್ಲ. ಕೋಶದ ಅಂಕಿಯನ್ನು ಇಡೀ ಪೆಟ್ಟಿಗೆಯ ಅಂಕಿಯೊಡನೆ ಹೋಲಿಸಿದರಂತೂ ಅದು ದಾರಿ ತಪ್ಪಿಸುತ್ತದೆ. ಆದರೂ 'ಹೊಸ ರಸಾಯನ, ದುಪ್ಪಟ್ಟು ಶಕ್ತಿ' ಎಂಬ ಘೋಷಣೆ ಕಿವಿಗೆ ಬಿದ್ದಾಗ ಕೇಳಬೇಕಾದ ಪ್ರಶ್ನೆಯನ್ನು ಅದು ಕಲಿಸುತ್ತದೆ: ಎಷ್ಟು ಗಂಟೆಗಳಲ್ಲಿ ಖಾಲಿ ಮಾಡಿ ಅಳೆದದ್ದು? ಬಸ್ಸು ಕೊಳ್ಳುವ ನಿಗಮಕ್ಕೂ ಸ್ಕೂಟರ್ ಕೊಳ್ಳುವ ಗ್ರಾಹಕನಿಗೂ ಆ ಉತ್ತರವಿಲ್ಲದ ಅಂಕಿ ಅರ್ಧಸತ್ಯವಷ್ಟೇ.