ಸೋಲಾರ್ ಕತೆ, ಭಾಗ 3: ಅಡ್ವಾನ್ಸ್ ವಾಪಸ್ ಕೇಳೋದು ಮರ್ಯಾದೆಗೇಡಲ್ಲ, ಚಿಕ್ಕಪ್ಪ

ಹಿಂದಿನ ಎರಡು ಪೋಸ್ಟ್ ಓದಿದವರಿಗೆ ಗೊತ್ತು, ಇಲ್ಫರ್ಡ್‌ನ ನಮ್ಮ ಮನೆ ಮೇಲೆ ಸೋಲಾರ್ ಹಾಕಿಸಲು ಸಹಿ ಮಾಡಿ, ಆಮೇಲೆ ಬೇಡ ಅಂದೆವು. ಅದನ್ನು ಫ್ಯಾಮಿಲಿ ಗ್ರೂಪಿನಲ್ಲಿ ಹೇಳಿದ ದಿನವೇ ಅರಸೀಕೆರೆ ಚಿಕ್ಕಪ್ಪನ ವಾಯ್ಸ್ ಮೆಸೇಜ್ ಬಂತು: "ಕೊಟ್ಟ ಮಾತು ತಪ್ಪಿದೋರು ನೀವು. ಅಡ್ವಾನ್ಸ್ ಹೋಯ್ತು ಅಂತ ಸುಮ್ನಿರೋದು ಮರ್ಯಾದೆ ಕಣಮ್ಮ." ಅದಕ್ಕೆ ಹದಿನಾರು ಜನ ಕೈ ಮುಗಿದ ಚಿಹ್ನೆ ಹಾಕಿದರು. ಈ ಪೋಸ್ಟ್ ಆ ಹದಿನಾರು ಜನಕ್ಕೆ.

ಮೊದಲು ನಡೆದದ್ದು ಕೇಳಿ. ಫೆಬ್ರವರಿ 8, ಶನಿವಾರ. ನಾನು ನೈಟ್ ಡ್ಯೂಟಿ ಮುಗಿಸಿ ಬಂದು ಎರಡು ಗಂಟೆ ಮಲಗಿದ್ದೆ ಅಷ್ಟೆ. ಸೇಲ್ಸ್‌ನವರು ನಮ್ಮ ಅಡುಗೆಮನೆ ಟೇಬಲ್ಲಿನಲ್ಲೇ ಕೂತು ಕಾಫಿ ಕುಡಿದು ಕಾಗದ ಮುಂದಿಟ್ಟರು. ಹತ್ತು ಪ್ಯಾನೆಲ್, ಬ್ಯಾಟರಿ, ಒಟ್ಟು 9,800 ಪೌಂಡ್, ಅಡ್ವಾನ್ಸ್ 2,450. ಇವತ್ತೇ ಸಹಿ ಮಾಡಿದರೆ ಡಿಸ್ಕೌಂಟ್. ಮಾಡಿದೆವು. ಒಂದು ವಾರದ ಮೇಲೆ ಮಕ್ಕಳಿಗೆ ರೂಮು ಸಾಲದು ಅಂತ ಅಟ್ಟಕ್ಕೆ ಲಾಫ್ಟ್ ಮಾಡಿಸುವ ಮಾತು ಬಂದಾಗ ಹೊಳೆಯಿತು, ನಮ್ಮ ಸಾಲುಮನೆಯಲ್ಲಿ ಲಾಫ್ಟ್‌ನ ಡಾರ್ಮರ್ ಏಳೋದು ಹಿಂಬದಿ ಛಾವಣಿಯಲ್ಲಿ. ಬಿಸಿಲು ಬೀಳೋದೂ ಅಲ್ಲೇ, ಪ್ಯಾನೆಲ್ ಕೂರೋದೂ ಅಲ್ಲೇ. ಇವತ್ತು ಹಾಕಿಸಿ ಎರಡು ವರ್ಷಕ್ಕೆ ಬಿಚ್ಚಿಸಬೇಕು. ತಪ್ಪು ನಮ್ಮದೇ, ಮೊದಲೇ ಯೋಚಿಸಬೇಕಿತ್ತು. ಆದರೆ ತಪ್ಪು ನಮ್ಮದು ಅನ್ನೋದು ಬೇರೆ, ದುಡ್ಡು ಅವರದು ಅನ್ನೋದು ಬೇರೆ.

ಕಾಗದದ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿತ್ತು: ಅಡ್ವಾನ್ಸ್ ಹಿಂದಿರುಗಿಸಲಾಗದು. ಇಲ್ಲಿಗೇ ನಮ್ಮ ಜನ ಓದೋದು ನಿಲ್ಲಿಸಿ ಕಾಗದ ಮಡಚಿಡುತ್ತಾರೆ. ನಾನು ಕೊನೇ ಪುಟದವರೆಗೂ ಹೋದೆ. ಆರನೇ ಪುಟದಲ್ಲಿ, ಇರುವೆಯಷ್ಟು ಅಕ್ಷರದಲ್ಲಿ, ರದ್ದತಿ ಕಲಮು: ಸಹಿ ಮಾಡಿದ ದಿನ ಬಿಟ್ಟು 14 ದಿನದೊಳಗೆ ಕಾರಣ ಕೊಡದೆ ರದ್ದು ಮಾಡಬಹುದು. ಜೊತೆಗೆ ಭರ್ತಿ ಮಾಡಿ ಕಳಿಸುವ ಒಂದು ಸಣ್ಣ ಫಾರಂ.

ಇದು ಕಂಪನಿಯ ಔದಾರ್ಯ ಅಲ್ಲ. ಮಾರುವವರು ನಿಮ್ಮ ಮನೆಗೇ ಬಂದು ಸಹಿ ಹಾಕಿಸಿಕೊಂಡರೆ ಈ 14 ದಿನ ಕೊಡಲೇಬೇಕು ಅಂತ ಇಲ್ಲಿ 2013ರ ಕನ್ಸ್ಯೂಮರ್ ಕಾಂಟ್ರಾಕ್ಟ್ಸ್ ರೆಗ್ಯುಲೇಷನ್ಸ್ ಹೇಳುತ್ತೆ. ಯಾಕೆ ಅಂದರೆ ಮನೆಗೆ ಬಂದವರನ್ನು ಎದ್ದು ಹೋಗಿ ಅನ್ನೋಕೆ ಬಾಯಿ ಬರಲ್ಲ, ಅಂಗಡಿಯಿಂದ ನಾವೇ ಎದ್ದು ಬರಬಹುದು. ನಮ್ಮ ದಾಕ್ಷಿಣ್ಯಕ್ಕೇ ಮಾಡಿದ ಕಾನೂನು ಇದು ಅನ್ನಿಸಿತು ನನಗೆ! ಅವರ ಶೋರೂಮಿಗೆ ನಾವೇ ಹೋಗಿ ಸಹಿ ಮಾಡಿದ್ದರೆ ಈ ಹಕ್ಕು ಸಿಗುತ್ತಿರಲಿಲ್ಲ. ಇನ್ನೂ ಒಂದಿದೆ. ಸಾಮಾನು ಮಾರುವ ಒಪ್ಪಂದವಾದರೆ ಸಾಮಾನು ಮನೆಗೆ ಬಂದ ಮೇಲೆ 14 ದಿನ ಎಣಿಸಬೇಕು. ನಾನು ಆ ವಾದಕ್ಕೆ ಹೋಗಲಿಲ್ಲ. ಚಿಕ್ಕ ಲೆಕ್ಕವನ್ನೇ ಹಿಡಿದೆ: ಫೆಬ್ರವರಿ 22 ಮುಗಿಯುವುದರೊಳಗೆ.

17ರ ಬೆಳಿಗ್ಗೆ ಫೋನ್ ಮಾಡಿದೆ. ಅಲ್ಲಿ ನಾನೊಂದು ಎಡವಟ್ಟು ಮಾಡಿದೆ, ಲಾಫ್ಟ್ ವಿಷಯ ಹೇಳಿಬಿಟ್ಟೆ. ತಕ್ಷಣ ಆ ಕಡೆಯಿಂದ ಮಾತು ಶುರು: ಮುಂಭಾಗಕ್ಕೆ ಹಾಕಿಕೊಡ್ತೀವಿ, ಆರು ಪ್ಯಾನೆಲ್ ಮಾಡೋಣ, ಮ್ಯಾನೇಜರ್ ಮುಂದಿನ ವಾರ ಫೋನ್ ಮಾಡ್ತಾರೆ. ಮುಂದಿನ ವಾರ ಅಂದರೆ 22 ದಾಟುತ್ತೆ! ಕಾರಣ ಕೊಟ್ಟರೆ ಅದು ಚೌಕಾಸಿ ಆಗುತ್ತೆ. ಕಾರಣ ಕೇಳುವ ಅಧಿಕಾರ ಅವರಿಗಿಲ್ಲ, ಕೊಡುವ ಅಗತ್ಯ ನಮಗಿಲ್ಲ.

ನರ್ಸಿಂಗ್‌ನಲ್ಲಿ ನಮಗೆ ಮೊದಲ ವರ್ಷದಿಂದ ತಲೆಗೆ ತುಂಬೋದು, ಬರೆಯದೇ ಇದ್ದದ್ದು ನಡೆದೇ ಇಲ್ಲ ಅಂತ. ಇಲ್ಲೂ ಹಾಗೇ. ಬಾಯಿಮಾತಿನಲ್ಲಿ ರದ್ದು ಮಾಡಿದರೂ ಆಗುತ್ತೆ, ಆದರೆ ಅವಧಿಯೊಳಗೆ ಹೇಳಿದ್ದೆವು ಅಂತ ತೋರಿಸುವ ಹೊಣೆ ನಮ್ಮದು. ಅದಕ್ಕೇ ಫೋನ್ ಇಟ್ಟ ಕೂಡಲೇ ಈಮೇಲ್ ಹಾಕಿದೆ, ಫಾರಂ ತುಂಬಿ ಫೋಟೋ ತೆಗೆದು ಅದಕ್ಕೆ ಸೇರಿಸಿದೆ. ಬರೆದದ್ದು ಇಷ್ಟೇ: "ಫೆಬ್ರವರಿ 8ರಂದು ನಮ್ಮ ಮನೆಯಲ್ಲಿ ಸಹಿಯಾದ ಇಂಥ ನಂಬರಿನ ಒಪ್ಪಂದವನ್ನು ಅದರ ರದ್ದತಿ ಕಲಮಿನ ಪ್ರಕಾರ ಇವತ್ತು ರದ್ದು ಮಾಡುತ್ತಿದ್ದೇನೆ. ಯಾವ ಸಾಮಾನೂ ಬಂದಿಲ್ಲ, ಯಾವ ಕೆಲಸವೂ ಶುರುವಾಗಿಲ್ಲ. ಕೊಟ್ಟ 2,450 ಪೌಂಡನ್ನು 14 ದಿನದೊಳಗೆ, ಅಂದರೆ ಮಾರ್ಚ್ 3ರೊಳಗೆ, ಕೊಟ್ಟ ಕಾರ್ಡಿಗೇ ಹಿಂದಿರುಗಿಸಿ." ದಯವಿಟ್ಟು ರದ್ದು ಮಾಡಬಹುದೇ ಅಂತ ಕೇಳಲಿಲ್ಲ. ಕೇಳಿದ್ದರೆ ಆಗಲ್ಲ ಅನ್ನುವ ಅವಕಾಶ ನಾವೇ ಕೊಟ್ಟ ಹಾಗೆ.

ಫೆಬ್ರವರಿ 27ಕ್ಕೆ 1,800 ಬಂತು. ಉಳಿದ 650? ಸರ್ವೆ ಮತ್ತು ಡಿಸೈನ್ 350, ಕರೆಂಟ್ ಲೈನಿನ ಕಂಪನಿಗೆ ಅರ್ಜಿ ಹಾಕಿದ ಆಡಳಿತ ಖರ್ಚು 300 ಅಂತೆ. ನಮ್ಮೆಜಮಾನ್ರು, "ಹೋಗ್ಲಿ ಬಿಡು, ಅಷ್ಟಾದ್ರೂ ಬಂತಲ್ಲ" ಅಂದರು. ಚಿಕ್ಕಪ್ಪನ ಹದಿನೇಳನೇ ಶಿಷ್ಯ! ಆ 650 ಸಂಪಾದಿಸಲು ನಾನು ಎಷ್ಟು ರಾತ್ರಿ ನಿದ್ದೆಗೆಡಬೇಕು ಅಂತ ಅವರಿಗೆ ಗೊತ್ತು, ಆದರೂ ಬಾಯಿಗೆ ಮೊದಲು ಬರೋದು ಆ ಮಾತೇ.

ಈ ಕಡಿತ ಯಾವಾಗ ಸರಿ ಅಂದರೆ, 14 ದಿನ ಕಾಯಬೇಡಿ, ಈಗಲೇ ಕೆಲಸ ಶುರು ಮಾಡಿ ಅಂತ ನಾವು ಸ್ಪಷ್ಟವಾಗಿ, ಬರವಣಿಗೆಯಲ್ಲಿ ಕೇಳಿದ್ದರೆ. ಆಗ ಆದಷ್ಟು ಕೆಲಸಕ್ಕೆ ಕೊಡಬೇಕು, ಅದು ನ್ಯಾಯವೇ. ಕೇಳದೇ ಇದ್ದರೆ ಒಂದು ಪೆನ್ನಿಯೂ ಇಲ್ಲ. ನಾನು ಕಾಗದ ಮತ್ತೆ ನೋಡಿದೆ. ಹಾಗೆ ಕೇಳುವ ಒಂದು ಚೌಕ ಅಲ್ಲಿತ್ತು, ನಾವು ಟಿಕ್ ಮಾಡಿರಲಿಲ್ಲ. ಆ ದಿನ ನಿದ್ದೆಗಣ್ಣಿನಲ್ಲಿ ಮಾಡಿದ್ದರೂ ಮಾಡಿಬಿಡುತ್ತಿದ್ದೆ, ದೇವರು ದೊಡ್ಡವನು. ಮತ್ತೆ ಎರಡೇ ಸಾಲು ಬರೆದೆ: ನಾನು ಬರವಣಿಗೆಯಲ್ಲಿ ಕೇಳಿದ್ದು ಎಲ್ಲಿ, ತೋರಿಸಿ. ಹಾಕಿದ ಅರ್ಜಿಯ ಪ್ರತಿ ಕಳಿಸಿ. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರಿಂದ, ಹಣ ಬಾರದಿದ್ದರೆ 1974ರ ಕನ್ಸ್ಯೂಮರ್ ಕ್ರೆಡಿಟ್ ಆ್ಯಕ್ಟ್‌ನ ಸೆಕ್ಷನ್ 75ರಲ್ಲಿ ಕಾರ್ಡಿನವರನ್ನೇ ಕೇಳುತ್ತೇನೆ ಅಂತಲೂ ಸೇರಿಸಿದೆ. ತೋರಿಸಲೂ ಇಲ್ಲ, ಪ್ರತಿಯೂ ಬರಲಿಲ್ಲ. ಮಾರ್ಚ್ 6ಕ್ಕೆ 650 ಬಂತು, ಒಂದು ಸಾರಿ ಅನ್ನುವ ಮಾತೂ ಇಲ್ಲದೆ.

ಈಗ ಚಿಕ್ಕಪ್ಪ, ನಿಮ್ಮ ವಿಷಯ. ಹೋದ ವರ್ಷ ನೀವೂ ಪಿಎಂ ಸೂರ್ಯ ಘರ್ ಅಂತ ಒಬ್ಬರಿಗೆ ನಲವತ್ತು ಸಾವಿರ ಕೊಟ್ಟು, ಮಹಡಿ ಸೋರೋದು ಕಂಡು ಬೇಡ ಅಂದು, ದುಡ್ಡು ಕೇಳದೇ ಸುಮ್ಮನಾದಿರಿ ಅಂತ ಚಿಕ್ಕಮ್ಮ ಹೇಳಿದರು. ನಮ್ಮಲ್ಲಿ ಇಲ್ಲಿನ ಹಾಗೆ ಎಲ್ಲರಿಗೂ 14 ದಿನದ ಹಕ್ಕು ಇಲ್ಲ, ನಿಜ. ಅದಕ್ಕೇ ಅಲ್ಲಿ ಕಾಗದದ ರದ್ದತಿ ಕಲಮೇ ಎಲ್ಲ. ಅದನ್ನು ಬರೆಸಿಕೊಳ್ಳದೆ ದುಡ್ಡು ಕೊಡಲೇಬಾರದು. ಸಬ್ಸಿಡಿ 3 ಕಿಲೋವ್ಯಾಟಿಗೆ 78,000, ಅದು ಪ್ಯಾನೆಲ್ ಕೂತು ಚಾಲೂ ಆದ ಮೇಲೆ ನಿಮ್ಮ ಖಾತೆಗೆ ಬರೋದು. ಅದಕ್ಕೂ ನಿಮ್ಮ ಅಡ್ವಾನ್ಸಿಗೂ ಸಂಬಂಧ ಇಲ್ಲ, ಯಾರಾದರೂ ಕಲಸಿ ಹೇಳಿದರೆ ನಂಬಬೇಡಿ. ಆದ ನಷ್ಟಕ್ಕೆ ತಾಳೆಯೇ ಇಲ್ಲದಷ್ಟು ದಂಡ ಹಾಕುವ ಕರಾರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ಕರಾರು. ಅದರ ದೂರು ಬೆಂಗಳೂರಿನ ರಾಜ್ಯ ಆಯೋಗಕ್ಕೆ ಹೋಗುತ್ತೆ. ಅಷ್ಟು ದೂರ ಹೋಗುವ ಮುಂಚೆ 1915ಕ್ಕೆ ಫೋನ್ ಮಾಡಬಹುದು, ಗ್ರಾಹಕ ಸಹಾಯವಾಣಿ.

ನಿಮ್ಮ ರಸೀದಿ ಮತ್ತು ಅವರು ಕೊಟ್ಟ ಕಾಗದದ ಎರಡೂ ಬದಿ ಫೋಟೋ ತೆಗೆದು ನನಗೆ ಕಳಿಸಿ. ಗುರುವಾರ ನನಗೆ ರಜೆ, ಪತ್ರ ನಾನೇ ಬರೆದುಕೊಡುತ್ತೇನೆ. ಸ್ಪೀಡ್ ಪೋಸ್ಟ್ ಮಾಡೋದು ಮಾತ್ರ ನೀವು.